ಸಕ್ಷನ್ ಕ್ಯಾತಿಟರ್ ಅರ್ಧಕ್ಕೇ ನಿಲ್ಲುತ್ತಿದೆ, ರಾತ್ರಿ ಸಿಳ್ಳೆ ಸದ್ದು: ಅಪ್ಪನ ಟ್ರಾಕಿ ಬಗ್ಗೆ ಸಲಹೆ ಬೇಕು

ಕಿರಿಮಗಳು

ಎಲ್ಲರಿಗೂ ನಮಸ್ಕಾರ. ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ಟ್ರಾಕಿಯಾಸ್ಟಮಿ ಮಾಡಿದ್ದಾರೆ. ಮನೆಗೆ ಬಂದು ಕೆಲವು ತಿಂಗಳಾಯಿತು. ವೆಂಟಿಲೇಟರ್ ಇಲ್ಲ, ಉಸಿರಾಟ ಅವರದ್ದೇ. 8ನೇ ಸೈಜಿನ ಟ್ಯೂಬ್, ಅದರೊಳಗೆ ತೆಗೆದು ಹಾಕುವ ಇನ್ನೊಂದು ಟ್ಯೂಬ್ ಇದೆ. ಬಲೂನ್ ಕೂಡ ಇದೆ, ಆದರೆ ಅದರ ಗಾಳಿ ತೆಗೆದೇ ಮನೆಗೆ ಕಳಿಸಿದ್ದಾರೆ.

ನಾನು ಮತ್ತು ಅಣ್ಣ ಪಾಳಿ ಹಾಕಿಕೊಂಡು ನೋಡಿಕೊಳ್ಳುತ್ತೇವೆ. ಗಂಟೆಗೊಮ್ಮೆ ಸಕ್ಷನ್ ಮಾಡುತ್ತೇವೆ. ಈಚೆಗೆ ಕಫ ತುಂಬಾ ಅಂಟಾಗಿದೆ. 12ನೇ ನಂಬರಿನ ಕ್ಯಾತಿಟರ್ ಮೊದಲು ಸಲೀಸಾಗಿ ಹೋಗುತ್ತಿತ್ತು, ಈಗ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಕೆಲವೊಮ್ಮೆ ಕಫದಲ್ಲಿ ರಕ್ತದ ಸಣ್ಣ ಗೆರೆ ಕಾಣುತ್ತದೆ. ರಾತ್ರಿ ಮಲಗಿದಾಗ ಟ್ಯೂಬಿನಿಂದ ಸಿಳ್ಳೆ ಹೊಡೆದಂಥ ಸದ್ದು. ಆಕ್ಸಿಮೀಟರ್‌ನಲ್ಲಿ ಹಗಲು 96, ರಾತ್ರಿ 93.

ಅಣ್ಣ ಮಷೀನಿನ ಒತ್ತಡ 200ಕ್ಕೆ ಏರಿಸಿ ನೋಡೋಣ ಅನ್ನುತ್ತಾನೆ. ಏರಿಸಬಹುದಾ? ಕ್ಯಾತಿಟರ್ ಸ್ವಲ್ಪ ಜೋರಾಗಿ ತಳ್ಳಬಹುದಾ?

ಹಳೇಅನುಭವ

ನಮ್ಮ ಅತ್ತೆಯವರಿಗೆ ವರ್ಷಗಟ್ಟಲೆ ಮಾಡಿದ್ದೇವೆ, ಹೆದರಬೇಡಿ. ಕಫ ಅಂಟಾಗಿದ್ದರೆ 5 ಎಂಎಲ್ ಸಲೈನ್ ಟ್ಯೂಬಿಗೆ ಬಿಡಿ, ಕೆಮ್ಮುತ್ತಾರೆ, ಆಗ ಸಕ್ಷನ್ ಮಾಡಿ. ಕ್ಯಾತಿಟರ್ ಒಳಗೆ ತಡೆಯುವವರೆಗೂ ಹೋಗಬೇಕು. ಐಸಿಯುನಲ್ಲಿ ಹಾಗೇ ಮಾಡೋದು ನಾನೇ ನೋಡಿದ್ದೇನೆ. ಮೇಲೆ ಮೇಲೆ ತೆಗೆದರೆ ಕೆಳಗಿನ ಕಫ ಹಾಗೇ ಉಳಿಯುತ್ತೆ. ಒಂದು ಮಾತು ಮಾತ್ರ ಮರೀಬೇಡಿ, ಒಳಗೆ ಹಾಕುವಾಗ ಸಕ್ಷನ್ ಆಫ್ ಇರಲಿ, ಹೊರಗೆ ಎಳೆಯುವಾಗ ಮಾತ್ರ ಆನ್.

ರಾತ್ರಿಪಾಳಿ

ಮಗಳೇ, ತಳ್ಳಬೇಡಿ. ಒತ್ತಡವನ್ನೂ ಏರಿಸಬೇಡಿ. ನಾನು ಎದೆರೋಗದ ವಾರ್ಡಿನಲ್ಲಿ ನರ್ಸ್. ನೀವು ಬರೆದದ್ದು ಓದಿದರೆ ಟ್ಯೂಬ್ ಕಟ್ಟಿಕೊಳ್ಳುತ್ತಿರುವ ಹಾಗಿದೆ.

ಮೊದಲು ಒಂದು ವಿಷಯ. ಅಪ್ಪ ಈಗ ಒದ್ದಾಡುತ್ತಿದ್ದಾರಾ? ಕುತ್ತಿಗೆಯ ಕೆಳಗಿನ ಗುಳಿ, ಪಕ್ಕೆಲುಬಿನ ಸಂದು ಉಸಿರೆಳೆದಾಗ ಒಳಕ್ಕೆ ಹೋಗುತ್ತಿದೆಯಾ? ತುಟಿ ನೀಲಿಯಾಗಿದೆಯಾ? ಬೆವರುತ್ತಿದ್ದಾರಾ? ಇದರಲ್ಲಿ ಯಾವುದಾದರೂ ಇದ್ದರೆ ನಮ್ಮ ಉತ್ತರ ಕಾಯುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಇಲ್ಲ, ಆರಾಮಾಗಿ ಕೂತಿದ್ದಾರೆ ಅಂದ್ರೆ ಈಗಲೇ ಕೈ ತೊಳೆದುಕೊಂಡು ಬನ್ನಿ. ಒಂದು ಕೈಯಲ್ಲಿ ಹೊರಗಿನ ಟ್ಯೂಬಿನ ರೆಕ್ಕೆ ಗಟ್ಟಿಯಾಗಿ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಒಳಟ್ಯೂಬಿನ ಲಾಕ್ ತೆಗೆದು ಅದರ ಬಾಗು ಹೇಗಿದೆಯೋ ಹಾಗೇ ಹೊರಕ್ಕೆ ಎಳೆಯಿರಿ. ಸ್ಪೇರ್ ಒಳಟ್ಯೂಬ್ ಮೊದಲೇ ಪಕ್ಕದಲ್ಲಿರಲಿ, ತಕ್ಷಣ ಅದನ್ನು ಹಾಕಿ. ಆಮೇಲೆ ತೆಗೆದ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಈ ಕಡೆಯಿಂದ ಆ ಕಡೆ ಕಾಣುತ್ತಾ? ಏನು ಕಂಡಿತು ಅಂತ ಬರೆಯಿರಿ.

ಇನ್ನೊಂದು ಪ್ರಶ್ನೆ. ಟ್ಯೂಬಿನ ಬಾಯಿಗೆ ಹಾಕುವ ಫಿಲ್ಟರ್, ಎಚ್‌ಎಂಇ ಅಂತಾರಲ್ಲ, ಅದು ಹಾಕಿದ್ದೀರಾ?

ಬಾಗಿಲುಬಳಿ

ನಮ್ಮ ತಮ್ಮನಿಗೂ ಟ್ರಾಕಿ ಇದೆ. ಎಷ್ಟು ದಿನಕ್ಕೆ ತೆಗೆಯುತ್ತಾರೆ? ಮುಚ್ಚಳ ಹಾಕಿ ಒಂದು ದಿನ ಬಿಟ್ಟರೆ ಸಾಕು, ಆಮೇಲೆ ನಾವೇ ತೆಗೆಯಬಹುದು ಅಂತ ಯಾರೋ ಹೇಳಿದರು. ನಿಮ್ಮ ಅಪ್ಪನಿಗೂ ತೆಗೆದೇ ಬಿಟ್ಟರೆ ಈ ತಾಪತ್ರಯವೇ ಇರಲ್ಲ ಅಲ್ವಾ?

ರಾತ್ರಿಪಾಳಿ

ಇಲ್ಲಿ ಕೇಳಿದ್ದು ಟ್ರಾಕಿ ತೆಗೆಯೋದರ ಬಗ್ಗೆ ಅಲ್ಲ. ಆದರೂ ಹೇಳುತ್ತೇನೆ, ಮನೆಯಲ್ಲಿ ನೀವಾಗಿ ಮುಚ್ಚಳ ಹಾಕಬೇಡಿ. ಬಲೂನಿನಲ್ಲಿ ಗಾಳಿ ಇದ್ದಾಗ ಮುಚ್ಚಳವನ್ನೋ ಮಾತಿನ ವಾಲ್ವನ್ನೋ ಹಾಕಿದರೆ ಉಸಿರು ಕಟ್ಟಿಹೋಗುತ್ತದೆ. ಮಾತಿನ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹೊರಗೆ ಹೋಗಬೇಕಾದ ಗಾಳಿ ಟ್ಯೂಬಿನ ಪಕ್ಕದಿಂದ ಬಾಯಿಗೆ ಬರಬೇಕು. ಬಲೂನ್ ಆ ದಾರಿಯನ್ನೇ ಮುಚ್ಚಿರುತ್ತದೆ. ನಿಮ್ಮ ತಮ್ಮನ ವಿಷಯ ಅವರ ಡಾಕ್ಟರ್ ಹತ್ತಿರ ಕೇಳಿ, ಬೇಕಾದರೆ ಬೇರೆ ಎಳೆ ಶುರು ಮಾಡಿ.

ಕಿರಿಮಗಳು

ಅಪ್ಪ ಆರಾಮಾಗಿಯೇ ಕೂತಿದ್ದಾರೆ, ಟಿವಿ ನೋಡುತ್ತಿದ್ದಾರೆ. ಮೇಡಂ, ನೀವು ಹೇಳಿದ ಹಾಗೆ ಒಳಟ್ಯೂಬ್ ತೆಗೆದೆವು. ಮೇಲಿನ ಅರ್ಧ ಚೊಕ್ಕವಾಗಿತ್ತು. ಕೆಳತುದಿಯಲ್ಲಿ, ಬಾಗಿನ ಒಳಬದಿಗೆ, ಹಳದಿ ಕಂದು ಬಣ್ಣದ ಒಣ ಕಫ ಪದರ ಪದರವಾಗಿ ಕೂತಿದೆ. ಬೆಳಕಿಗೆ ಹಿಡಿದರೆ ಒಂದು ಪಕ್ಕದಲ್ಲಿ ಸಣ್ಣ ಸಂದು ಮಾತ್ರ ಕಾಣುತ್ತದೆ. ಬ್ರಷ್ ಹಾಕಿದರೂ ಮೊದಲ ಸಲಕ್ಕೆ ಬರಲಿಲ್ಲ, ಸ್ವಲ್ಪ ಹೊತ್ತು ನೆನೆಸಿದ ಮೇಲೆ ಸಿಪ್ಪೆ ಹಾಗೆ ಎದ್ದು ಬಂತು.

ಸ್ಪೇರ್ ಒಳಟ್ಯೂಬ್ ಹಾಕಿದ ತಕ್ಷಣ ಸಿಳ್ಳೆ ನಿಂತಿತು. ಕ್ಯಾತಿಟರ್ ಕೂಡ ಸಲೀಸಾಗಿ ಹೋಯಿತು. ಇಷ್ಟು ದಿನ ಒಳಟ್ಯೂಬನ್ನು ದಿನಕ್ಕೊಮ್ಮೆ ಬೆಳಿಗ್ಗೆ ತೊಳೆಯುತ್ತಿದ್ದೆವು.

ಫಿಲ್ಟರ್ ಈಗ ಹಾಕುತ್ತಿಲ್ಲ. ಕೆಮ್ಮಿದಾಗೆಲ್ಲ ಅದರಲ್ಲಿ ಕಫ ತುಂಬಿಕೊಳ್ಳುತ್ತಿತ್ತು. ಅಪ್ಪನೇ ಕಿತ್ತು ಹಾಕುತ್ತಿದ್ದರು. ಹಾಗಾಗಿ ತೆಗೆದುಬಿಟ್ಟೆವು.

ರಾತ್ರಿಪಾಳಿ

ನಿಮ್ಮ ಕಫ ಅಂಟಾಗಲು ಕಾರಣ ಅಲ್ಲೇ ಇದೆ.

ನಾವು ಮೂಗಿನಿಂದ ಎಳೆದ ಗಾಳಿ ಎದೆ ಸೇರುವಷ್ಟರಲ್ಲಿ ಬೆಚ್ಚಗಾಗಿ, ತೇವವಾಗಿರುತ್ತದೆ. ಟ್ರಾಕಿ ಇದ್ದವರಿಗೆ ಮೂಗಿನ ದಾರಿಯೇ ತಪ್ಪಿಹೋಗಿದೆ. ಕೋಣೆಯ ಒಣ ಗಾಳಿ ನೇರವಾಗಿ ಶ್ವಾಸನಾಳಕ್ಕೆ ಬೀಳುತ್ತದೆ. ಕಫದ ನೀರು ಆರಿ, ಗೋಂದಾಗಿ, ಟ್ಯೂಬಿನ ಗೋಡೆಗೆ ಅಂಟುತ್ತದೆ. ಆ ಪದರದ ಮೇಲೆ ಮತ್ತೊಂದು ಪದರ. ಎಚ್‌ಎಂಇ ಮಾಡುವ ಕೆಲಸ ಇಷ್ಟೇ. ಹೊರಗೆ ಹೋಗುವ ಉಸಿರಿನ ತೇವ ಹಿಡಿದಿಟ್ಟುಕೊಂಡು ಒಳಗೆ ಬರುವ ಗಾಳಿಗೆ ಕೊಡುತ್ತದೆ. ಅದನ್ನು ತೆಗೆದಿದ್ದೀರಿ, ಜೊತೆಗೆ ಗಂಟೆಗೊಮ್ಮೆ ಸಕ್ಷನ್ ಮಾಡುತ್ತಿದ್ದೀರಿ. ಕ್ಯಾತಿಟರ್ ಪ್ರತಿ ಸಲ ಒಳಪೊರೆಯನ್ನು ಒಂದಷ್ಟು ಕೆರೆಯುತ್ತದೆ. ಆ ಕೆರಳಿಕೆಗೇ ಇನ್ನಷ್ಟು ಕಫ ಬರುತ್ತದೆ, ಸಣ್ಣ ರಕ್ತದ ಗೆರೆಗಳೂ ಬರುತ್ತವೆ.

ಫಿಲ್ಟರ್ ಒದ್ದೆಯಾದರೆ, ಕಫ ಹತ್ತಿದರೆ ಬದಲಾಯಿಸಬೇಕು. ಚೊಕ್ಕವಾಗಿದ್ದರೂ 24 ಗಂಟೆಗಿಂತ ಜಾಸ್ತಿ ಇಡಬಾರದು. ತೊಳೆದು ಮತ್ತೆ ಹಾಕಬಾರದು, ತೊಳೆದದ್ದು ನೀರು ಕುಡಿದು ಗಾಳಿಗೇ ಅಡ್ಡ ಆಗುತ್ತದೆ. ಕಫ ಜಾಸ್ತಿ ಇರುವವರಿಗೆ ಫಿಲ್ಟರ್ ಹೊಂದುವುದಿಲ್ಲ ಅನ್ನುವುದೂ ನಿಜ. ಅಂಥವರಿಗೆ ಟ್ಯೂಬಿನ ಮುಂದೆ ಮಾಸ್ಕ್ ಇಟ್ಟು ತೇವದ ಗಾಳಿ ಕೊಡುತ್ತಾರೆ, ಇಲ್ಲವೇ ದಿನಕ್ಕೆ ಕೆಲವು ಸಲ ಸಲೈನ್ ನೆಬ್ಯುಲೈಜರ್ ಹಾಕುತ್ತಾರೆ. ಅಪ್ಪನಿಗೆ ಯಾವುದು ಅಂತ ಡಾಕ್ಟರ್ ಹತ್ತಿರ ಕೇಳಿ. ಕುಡಿಯುವ ನೀರು, ಇಲ್ಲವೇ ಹೊಟ್ಟೆಯ ಟ್ಯೂಬಿನಲ್ಲಿ ಹೋಗುವ ನೀರು, ಸಾಕಷ್ಟು ಹೋಗುತ್ತಿದೆಯಾ ಅಂತಲೂ ಕೇಳಿ. ಮೈಯಲ್ಲಿ ನೀರು ಕಡಿಮೆಯಾದರೂ ಕಫ ಗಟ್ಟಿಯಾಗುತ್ತದೆ.

ಒಳಟ್ಯೂಬನ್ನು ಈಗ ಎರಡು ಮೂರು ದಿನ ನಾಲ್ಕು ಗಂಟೆಗೊಮ್ಮೆ ತೆಗೆದು ನೋಡಿ. ಚೊಕ್ಕವಾಗಿ ಬಂದರೆ ಎಂಟು ಗಂಟೆಗೆ ಇಳಿಸಿ. ಮಲಗುವ ಮುಂಚೆ ಮಾತ್ರ ತಪ್ಪಿಸಬೇಡಿ. ಕುದಿಸಿ ಆರಿಸಿದ ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಒದರಿ, ಪೂರ್ತಿ ಒಣಗಿಸಿ ಮುಚ್ಚಿದ ಡಬ್ಬಿಯಲ್ಲಿಡಿ. ನೀರಿನಲ್ಲೇ ಮುಳುಗಿಸಿ ಬಿಡಬೇಡಿ. ಒಮ್ಮೆ ಬಳಸಿ ಎಸೆಯುವ ಮಾದರಿಯ ಒಳಟ್ಯೂಬ್ ಆಗಿದ್ದರೆ ತೊಳೆಯುವ ಮಾತೇ ಇಲ್ಲ.

ರಾತ್ರಿ 93 ಇತ್ತಲ್ಲ, ಇವತ್ತು ರಾತ್ರಿ ಎಷ್ಟಿದೆ ನೋಡಿ. ಟ್ಯೂಬ್ ಚೊಕ್ಕವಾದ ಮೇಲೂ ಇಳಿದೇ ಇದ್ದರೆ ಕಾರಣ ಬೇರೆ ಇರಬಹುದು, ನಾಳೆಯೇ ತೋರಿಸಿ.

ಹಳೇಅನುಭವ

ಮೇಡಂ, ಸಲೈನ್ ಬಿಡೋದು ಬೇಡ ಅಂತೀರಾ? ನಮಗೆ ಆಸ್ಪತ್ರೆಯಲ್ಲೇ ಹಾಗೆ ಕಲಿಸಿದ್ದು.

ರಾತ್ರಿಪಾಳಿ

ಮೊದಲು ಎಲ್ಲ ಕಡೆ ಹಾಗೇ ಮಾಡುತ್ತಿದ್ದರು ಸರ್. ಈಗ ಪ್ರತಿ ಸಲ ಸಲೈನ್ ಬಿಡುವುದನ್ನು ಬೇಡ ಅನ್ನುತ್ತಾರೆ. ಬಿಟ್ಟ ನೀರು ಕಫದ ಜೊತೆ ಬೆರೆಯುವುದಿಲ್ಲ, ಅದರಲ್ಲೊಂದು ಪಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಆಕ್ಸಿಜನ್ ಕಡಿಮೆಯಾಗುತ್ತದೆ. ಕೆಮ್ಮು ಬರುತ್ತದೆ, ಆ ಕೆಮ್ಮಿಗೆ ಕಫ ಮೇಲೆ ಬರುತ್ತದೆ, ನಿಮಗೆ ಉಪಯೋಗ ಕಂಡದ್ದು ಅದರಿಂದ. ಕೆಲವು ರೋಗಿಗಳಿಗೆ ಡಾಕ್ಟರ್ ಬರೆದುಕೊಟ್ಟಿರುತ್ತಾರೆ, ಅವರು ಹಾಕಲಿ. ಉಳಿದವರು ನೆಬ್ಯುಲೈಜರ್ ಮೂಲಕ ಕೊಟ್ಟರೆ ಸಾಕು.

ತಡೆಯುವವರೆಗೂ ತಳ್ಳುವುದು ಮಾತ್ರ ಮನೆಯಲ್ಲಿ ಬೇಡವೇ ಬೇಡ. ಟ್ಯೂಬಿನ ತುದಿ ದಾಟಿ ಕೆಳಗೆ ಹೋದರೆ ಶ್ವಾಸನಾಳ ಎರಡಾಗಿ ಒಡೆಯುವ ಜಾಗಕ್ಕೆ ಕ್ಯಾತಿಟರ್ ತಗಲುತ್ತದೆ. ದಿನಾ ಅದೇ ಜಾಗಕ್ಕೆ ಚುಚ್ಚಿದರೆ ಹುಣ್ಣಾಗುತ್ತದೆ. ಒಳಗೆ ಹಾಕುವಾಗ ಸಕ್ಷನ್ ಆಫ್ ಅಂದಿರಲ್ಲ, ಅದು ನೂರಕ್ಕೆ ನೂರು ಸರಿ.

ಅಣ್ಣನಪಾಳಿ

ನಾನು ಕಿರಿಮಗಳ ಅಣ್ಣ. ಹಾಗಾದರೆ ಎಷ್ಟು ಒಳಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ? ಕಣ್ಣಿಗೆ ಕಾಣಲ್ಲವಲ್ಲ.

ರಾತ್ರಿಪಾಳಿ

ನಿಮ್ಮ ಹತ್ತಿರ ಇದೇ ಸೈಜಿನ ಸ್ಪೇರ್ ಟ್ಯೂಬ್ ಇದೆಯಲ್ಲ, ಅದನ್ನು ಪೊಟ್ಟಣದಿಂದ ಬಿಚ್ಚುವುದು ಬೇಡ, ಅದು ಚೊಕ್ಕವಾಗಿರಲಿ. ಮುಂದಿನ ಸಲ ಆಸ್ಪತ್ರೆಯಲ್ಲಿ ಟ್ಯೂಬ್ ಬದಲಿಸಿದಾಗ ತೆಗೆದ ಹಳೆಯದನ್ನು ಕೇಳಿ ಇಸ್ಕೊಳ್ಳಿ. ಸದ್ಯಕ್ಕೆ ಅಳತೆಯನ್ನು ಫೋನ್ ಮಾಡಿ ಕೇಳಿ. ಹಳೇ ಟ್ಯೂಬ್ ಸಿಕ್ಕಿದ ಮೇಲೆ ತೊಳೆದು, ಅದರೊಳಗೆ ಒಂದು ಕ್ಯಾತಿಟರ್ ತೂರಿಸಿ. ತುದಿ ಹೊರಗೆ ಇಣುಕಬೇಕು, ಅರ್ಧ ಸೆಂಟಿಮೀಟರ್ ಇಣುಕಿದರೆ ಸಾಕು, ಒಂದಕ್ಕಿಂತ ಜಾಸ್ತಿ ಬೇಡ. ಟ್ಯೂಬಿನ ಬಾಯಿಯ ಹತ್ತಿರ ಕ್ಯಾತಿಟರಿಗೆ ಗುರುತು ಹಾಕಿ, ಆ ಉದ್ದವನ್ನು ಒಂದು ರಟ್ಟಿನ ಮೇಲೆ ಗೆರೆ ಎಳೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ. ಹೊಸ ಕ್ಯಾತಿಟರ್ ತೆಗೆದಾಗ ಆ ರಟ್ಟಿಗೆ ತಾಗಿಸದೆ, ಪಕ್ಕದಲ್ಲಿ ಹಿಡಿದು ನೋಡಿ, ಎಲ್ಲಿ ಹಿಡಿಯಬೇಕೋ ಅಲ್ಲಿ ಬೆರಳಿಟ್ಟುಕೊಳ್ಳಿ. ಕೆಲವು ಕ್ಯಾತಿಟರಿಗೆ ಸೆಂಟಿಮೀಟರ್ ಗುರುತು ಇರುತ್ತದೆ, ಅದಾದರೆ ಇನ್ನೂ ಸುಲಭ.

ಈಗ ಸಕ್ಷನ್ ಮಾಡುವ ಕ್ರಮ ಬರೆಯುತ್ತೇನೆ. ಗಡಿಯಾರ ನೋಡಿ ಮಾಡಬೇಡಿ. ಗೊರಗೊರ ಅಂದರೆ, ಟ್ಯೂಬಿನ ಬಾಯಲ್ಲಿ ಕಫ ಕಂಡರೆ, ಅಪ್ಪ ಚಡಪಡಿಸಿದರೆ, ಆಕ್ಸಿಜನ್ ಇಳಿದರೆ ಮಾಡಿ. ಬೆಳಿಗ್ಗೆ ಎದ್ದಾಗ, ಮಲಗುವಾಗ ಒಮ್ಮೆ ನೋಡಿ. ಮೊದಲು ಅವರಿಗೇ ಕೆಮ್ಮಲು ಹೇಳಿ. ಕೆಮ್ಮಿ ಬಾಯಿಯವರೆಗೆ ಬಂದ ಕಫವನ್ನು ಟಿಶ್ಯೂನಲ್ಲಿ ಒರೆಸಿದರೆ ಮುಗಿಯಿತು, ಕ್ಯಾತಿಟರೇ ಬೇಡ.

ಬೇಕೇ ಬೇಕು ಅಂದಾಗ, ಅಪ್ಪನಿಗೆ ಮೊದಲು ಹೇಳಿ, ತಲೆಯ ಕಡೆ ಎತ್ತರಿಸಿ ಕೂರಿಸಿ. ಕೈ ತೊಳೆದು ಗ್ಲೌಸ್ ಹಾಕಿ. ಮಷೀನ್ ಆನ್ ಮಾಡಿ, ನಳಿಕೆಯ ತುದಿ ಹೆಬ್ಬೆರಳಿನಿಂದ ಮುಚ್ಚಿ ಮುಳ್ಳು ಎಲ್ಲಿಗೆ ಏರುತ್ತದೆ ನೋಡಿ. ದೊಡ್ಡವರಿಗೆ 80ರಿಂದ 120 ಸಾಕು. ಕಫ ತೀರಾ ಗಟ್ಟಿ ಇದ್ದರೂ 150 ದಾಟಬೇಡಿ. ಆಕ್ಸಿಜನ್ ಮೇಲಿರುವವರಿಗೆ ಮೊದಲು ಸ್ವಲ್ಪ ಹೆಚ್ಚಿಸಲು ಡಾಕ್ಟರ್ ಹೇಳಿರುತ್ತಾರೆ, ಹಾಗೆ ಮಾಡಿ. ಕ್ಯಾತಿಟರ್ ತುದಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಹೆಬ್ಬೆರಳಿನ ತೂತು ತೆರೆದಿಟ್ಟು, ಗುರುತಿನವರೆಗೆ ಮೆಲ್ಲಗೆ ಬಿಡಿ. ಈಗ ತೂತು ಮುಚ್ಚಿ, ಬೆರಳುಗಳ ನಡುವೆ ಉರುಳಿಸುತ್ತಾ ಹೊರಗೆ ತನ್ನಿ. ಒಳಗೆ ಹೋಗಿ ಹೊರಗೆ ಬರುವುದೆಲ್ಲಾ ಸೇರಿ 10 ಸೆಕೆಂಡ್. ನಾವು ಹೊಸಬರಿಗೆ ಹೇಳಿಕೊಡುವುದು, ಒಳಗೆ ಹಾಕುವಾಗಿನಿಂದ ನೀವೂ ಉಸಿರು ಹಿಡಿಯಿರಿ ಅಂತ. ನಿಮಗೆ ಕಷ್ಟವಾದರೆ ಅವರಿಗೆ ಆಗಲೇ ಕಷ್ಟವಾಗಿರುತ್ತದೆ.

ಒಮ್ಮೆ ಆದ ಮೇಲೆ ಕನಿಷ್ಠ ಅರ್ಧ ನಿಮಿಷ ಬಿಡಿ. ಆಕ್ಸಿಮೀಟರ್ ಮೊದಲಿದ್ದ ಅಂಕಿಗೆ ಬರಲಿ. ಮತ್ತೆ ಬೇಕಾದರೆ ಮಾಡಿ. ಮೂರು ಸಲಕ್ಕೂ ಬರದಿದ್ದರೆ ನಿಲ್ಲಿಸಿ ಒಳಟ್ಯೂಬ್ ನೋಡಿ. ಸಕ್ಷನ್ ಮಾಡುವಾಗ ನಾಡಿ ತಟ್ಟನೆ ನಿಧಾನವಾದರೆ, ಮುಖ ಬಿಳಿಚಿದರೆ ತಕ್ಷಣ ಕ್ಯಾತಿಟರ್ ತೆಗೆಯಿರಿ.

8ನೇ ಸೈಜಿನ ಟ್ಯೂಬಿಗೆ 12ನೇ ಕ್ಯಾತಿಟರ್ ಸರಿಯಿದೆ, ಅದಕ್ಕಿಂತ ದಪ್ಪ ಬೇಡ. 12 ಅಂದರೆ 4 ಮಿಲಿಮೀಟರ್ ದಪ್ಪ, ಟ್ಯೂಬಿನ ಒಳ ಅಗಲದ ಅರ್ಧ. ಅದನ್ನು ಮೀರಿದರೆ ಸಕ್ಷನ್ ಆಗುವಾಗ ಪಕ್ಕದಿಂದ ಗಾಳಿ ಬರಲು ಜಾಗವೇ ಇರಲ್ಲ. ಸೈಜ್ ಅಂಕಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ರೆಕ್ಕೆಯ ಮೇಲೆ ಅಚ್ಚಾಗಿರುವ ಒಳ ಅಳತೆ ನೋಡಿಕೊಳ್ಳಿ.

ಮಷೀನ್‌ಮಾವ

ಸಕ್ಷನ್ ಮಷೀನ್ ರಿಪೇರಿ ನನ್ನ ಕೆಲಸ. ಒಂದು ಮಾತು ಸೇರಿಸುತ್ತೇನೆ. ಎಳೆತ ಕಡಿಮೆ ಅನ್ನಿಸಿದಾಗ ಎಲ್ಲರೂ ಮೊದಲು ನಾಬ್ ತಿರುಗಿಸುತ್ತಾರೆ. ಹತ್ತರಲ್ಲಿ ಎಂಟು ಮಷೀನಿನಲ್ಲಿ ಮುಚ್ಚಳ ಸರಿಯಾಗಿ ಕೂತಿರಲ್ಲ, ಅಷ್ಟೇ. ಜಾರ್ ಮುಚ್ಚಳದ ರಬ್ಬರ್ ರಿಂಗ್ ನೋಡಿ. ಜಾರ್ ತುಂಬಿದರೆ ಒಳಗಿನ ತೇಲು ಮೇಲೆದ್ದು ದಾರಿ ಮುಚ್ಚುತ್ತದೆ, ಮಷೀನ್ ಓಡುತ್ತಿದ್ದರೂ ಎಳೆತ ಇರಲ್ಲ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಜಾರ್ ಮತ್ತು ಪಂಪ್ ನಡುವಿನ ಬಿಳಿ ಫಿಲ್ಟರ್ ಒದ್ದೆಯಾಗಿದ್ದರೆ ಅದೂ ಎಳೆಯಲು ಬಿಡಲ್ಲ, ಹೊಸದು ಹಾಕಿ.

ಬ್ಯಾಟರಿ ಇರುವ ಮಷೀನಾದರೆ ವಾರಕ್ಕೊಮ್ಮೆ ಪ್ಲಗ್ ತೆಗೆದು ಓಡಿಸಿ ನೋಡಿ. ಚಾರ್ಜ್ ದೀಪ ಹಸಿರು ಇದ್ದರೂ ಹಳೇ ಬ್ಯಾಟರಿ ಲೋಡ್ ಬಿದ್ದ ಕೂಡಲೇ ಕುಸಿಯುತ್ತದೆ. ಕರೆಂಟ್ ಇಲ್ಲದೆಯೂ ನಡೆಯುವ ಕೈಪಂಪು ಇಲ್ಲವೇ ಕಾಲುಪಂಪು ಒಂದು ಮನೆಯಲ್ಲಿರಲಿ.

ಅಣ್ಣನಪಾಳಿ

ನಮ್ಮದರಲ್ಲಿ ರಬ್ಬರ್ ರಿಂಗ್ ಒಂದು ಕಡೆ ಮಡಚಿಕೊಂಡಿತ್ತು. ಸರಿ ಮಾಡಿದ ಮೇಲೆ ನಾಬ್ ಅರ್ಧಕ್ಕಿಟ್ಟರೂ 120 ತೋರಿಸುತ್ತಿದೆ. 200 ಯಾಕೆ ಬೇಕು ಅನ್ನಿಸಿತ್ತು ಅಂತ ಈಗ ಗೊತ್ತಾಯಿತು.

ನನ್ನ ಮುಖ್ಯ ಪ್ರಶ್ನೆ ಇದು. ರಾತ್ರಿ ಪೂರ್ತಿ ಕಟ್ಟಿಕೊಂಡುಬಿಟ್ಟರೆ? ಆಂಬುಲೆನ್ಸ್ ಬರುವವರೆಗೆ ನಾವು ಏನು ಮಾಡಬೇಕು?

ರಾತ್ರಿಪಾಳಿ

ಇದನ್ನು ಓದಿ ಬಿಡಬೇಡಿ. ಆಸ್ಪತ್ರೆಯಲ್ಲಿ ಅವರ ಎದುರೇ ಒಮ್ಮೆ ಮಾಡಿ ತೋರಿಸಿ ಅಂತ ಕೇಳಿ, ನೀವಿಬ್ಬರೂ ಕೈಯಾರೆ ಮಾಡಿ.

ಒಬ್ಬರು ಫೋನ್ ಮಾಡಲಿ, ಸ್ಪೀಕರ್ ಆನ್ ಇರಲಿ, ಇನ್ನೊಬ್ಬರು ಅಪ್ಪನ ಹತ್ತಿರ. ಮೊದಲು ಟ್ಯೂಬಿನ ಬಾಯಲ್ಲಿರುವ ಎಲ್ಲವನ್ನೂ ತೆಗೆಯಿರಿ, ಫಿಲ್ಟರ್, ಮಾತಿನ ವಾಲ್ವ್, ಮುಚ್ಚಳ, ಏನಿದ್ದರೂ. ನಂತರ ಒಳಟ್ಯೂಬ್ ಹೊರಗೆ. ಎಷ್ಟೋ ಸಲ ಇಷ್ಟರಲ್ಲೇ ಉಸಿರು ಬಂದುಬಿಡುತ್ತದೆ. ಬಂದರೆ ಸ್ಪೇರ್ ಒಳಟ್ಯೂಬ್ ಹಾಕಿ. ಕೆಲವು ಟ್ಯೂಬುಗಳಲ್ಲಿ ಆಂಬು ಬ್ಯಾಗ್ ಕೂರುವ ಬಾಯಿ ಒಳಟ್ಯೂಬಿಗೇ ಇರುತ್ತದೆ, ಹಾಗಾಗಿ ಸ್ಪೇರ್ ದೂರದಲ್ಲಿಡಬೇಡಿ.

ಬರಲಿಲ್ಲ ಅಂದರೆ ಕ್ಯಾತಿಟರ್ ಬಿಟ್ಟು ನೋಡಿ. ಗುರುತಿನವರೆಗೆ ಹೋದರೆ ಸಕ್ಷನ್ ಮಾಡಿ. ಹೋಗದಿದ್ದರೆ ಜೋರು ಮಾಡಬೇಡಿ, ಬಲೂನಿನಲ್ಲಿ ಗಾಳಿ ಇದ್ದರೆ ಸಿರಿಂಜಿನಿಂದ ಪೂರ್ತಿ ತೆಗೆಯಿರಿ. ನಿಮ್ಮ ಅಪ್ಪನದು ಈಗಾಗಲೇ ಖಾಲಿ. ಆಗ ಟ್ಯೂಬಿನ ಪಕ್ಕದಿಂದ ಬಾಯಿ ಮೂಗಿನ ಮೂಲಕ ಒಂದಷ್ಟು ಗಾಳಿ ಹೋಗಬಹುದು. ಅದಕ್ಕೂ ಉಸಿರು ಬರಲಿಲ್ಲ ಅಂದರೆ ಆ ಟ್ಯೂಬ್ ಇದ್ದೂ ಪ್ರಯೋಜನವಿಲ್ಲ, ಅದು ಬೂಚು. ಕಟ್ಟಿದ ಪಟ್ಟಿ ಕತ್ತರಿಸಿ ಇಡೀ ಟ್ಯೂಬ್ ಹೊರಗೆ ತೆಗೆಯಬೇಕು.

ಉಸಿರು ಇದೆಯಾ ಅಂತ ಎದೆ ನೋಡಿ ನಿರ್ಧರಿಸಬೇಡಿ. ದಾರಿ ಪೂರ್ತಿ ಮುಚ್ಚಿದ್ದರೂ ಎದೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಟ್ಯೂಬಿನ ಬಾಯಿಗೆ ಕೆನ್ನೆ ಹಿಡಿಯಿರಿ, ಗಾಳಿ ತಗಲಬೇಕು. ಆಕ್ಸಿಮೀಟರ್ ಕೂಡ ತಡವಾಗಿ ಹೇಳುತ್ತದೆ, ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ಒಳ್ಳೇ ಅಂಕಿಯನ್ನೇ ತೋರಿಸುತ್ತಿರುತ್ತದೆ.

ಹಳೇಅನುಭವ

ಟ್ಯೂಬ್ ತೆಗೆದ ಮೇಲೆ ಮನೆಯವರು ಹೊಸದನ್ನು ಹಾಕಬೇಕಾ? ನನಗೆ ಒಪ್ಪಿಗೆ ಇಲ್ಲ. ತಪ್ಪು ದಾರಿಗೆ ಹೋದರೆ ಯಾರು ಹೊಣೆ? ನಾವು ಯಾವತ್ತೂ ಮುಟ್ಟಿದವರಲ್ಲ.

ರಾತ್ರಿಪಾಳಿ

ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ಟ್ಯೂಬ್ ಚರ್ಮದ ಕೆಳಗೆ, ಶ್ವಾಸನಾಳದ ಮುಂದೆ ಜಾರಿ ಕೂರಬಹುದು. ಹೊರಗಿನಿಂದ ನೋಡಿದರೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ಮೊದಲ ಏಳರಿಂದ ಹತ್ತು ದಿನ ಆ ಅಪಾಯ ಜಾಸ್ತಿ, ಅದಕ್ಕೇ ಆಗ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ತಿಂಗಳುಗಳಾದ ಮೇಲೆ ದಾರಿ ಗಟ್ಟಿಯಾಗಿರುತ್ತದೆ, ಆದರೆ ಟ್ಯೂಬ್ ಇಲ್ಲದಿದ್ದರೆ ಆ ರಂಧ್ರ ಸಣ್ಣದಾಗುತ್ತಾ ಬರುತ್ತದೆ.

ತರಬೇತಿ ಪಡೆದಿದ್ದರೆ ಹೀಗೆ. ಭುಜದ ಕೆಳಗೆ ಮಡಚಿದ ಟವೆಲ್ ಇಟ್ಟು ಕತ್ತು ಸ್ವಲ್ಪ ಹಿಂದಕ್ಕೆ ಮಾಡಿ. ಸ್ಪೇರ್ ಟ್ಯೂಬಿನೊಳಗೆ ದಾರಿ ತೋರಿಸುವ ಕಡ್ಡಿ ಹಾಕಿ, ನೀರಿನ ಅಂಶದ ಜೆಲ್ ಹಚ್ಚಿ. ವ್ಯಾಸಲೀನ್ ಹಚ್ಚಬೇಡಿ. ಮೊದಲು ಹಿಂದಕ್ಕೆ, ಆಮೇಲೆ ಬಾಗಿನ ಜೊತೆ ಕೆಳಕ್ಕೆ. ಹೋದ ತಕ್ಷಣ ಕಡ್ಡಿ ತೆಗೆಯಿರಿ, ಅದು ಒಳಗಿದ್ದರೆ ಉಸಿರಿಗೆ ದಾರಿ ಇಲ್ಲ. ಗಾಳಿ ಬರುತ್ತಿದೆಯಾ, ಕ್ಯಾತಿಟರ್ ಸಲೀಸಾಗಿ ಹೋಗುತ್ತದಾ ನೋಡಿ. ಅದೇ ಸೈಜ್ ಹೋಗದಿದ್ದರೆ ಒಂದು ಸೈಜ್ ಚಿಕ್ಕದು. ಅದೂ ಹೋಗದಿದ್ದರೆ ಮತ್ತೆ ಮತ್ತೆ ಚುಚ್ಚಬೇಡಿ.

ತರಬೇತಿ ಇಲ್ಲದವರು ಹಾಕುವುದು ಬೇಡ, ಹಳೇಅನುಭವ ಅವರ ಮಾತನ್ನು ಅಲ್ಲಿಗೆ ಒಪ್ಪುತ್ತೇನೆ. ಆದರೆ ಸುಮ್ಮನೆ ನಿಲ್ಲುವುದೂ ಬೇಡ. ಅವರಾಗಿಯೇ ರಂಧ್ರದಿಂದ ಉಸಿರಾಡುತ್ತಿದ್ದರೆ ಅದನ್ನು ತೆರೆದೇ ಬಿಡಿ, ಆಕ್ಸಿಜನ್ ಇದ್ದರೆ ರಂಧ್ರಕ್ಕೂ ಮುಖಕ್ಕೂ ಕೊಡಿ. ಉಸಿರಾಟ ಸಾಲದಿದ್ದರೆ ರಂಧ್ರವನ್ನು ಗಾಜ್ ಇಟ್ಟು ಕೈಯಿಂದ ಮುಚ್ಚಿ, ಬಾಯಿ ಮೂಗಿನ ಮೇಲೆ ಮಾಸ್ಕ್ ಒತ್ತಿ ಆಂಬು ಬ್ಯಾಗ್ ಒತ್ತಿ. ಪ್ರಜ್ಞೆ ತಪ್ಪಿ ಉಸಿರು ನಿಂತಿದ್ದರೆ ಎದೆ ಒತ್ತುವುದನ್ನೂ ಶುರು ಮಾಡಿ, ಫೋನಿನಲ್ಲಿರುವವರು ಹೇಳಿಕೊಡುತ್ತಾರೆ.

ದೊಡ್ಡಮ್ಮನಮಗ

ಒಂದು ನಿಮಿಷ. ನಮ್ಮ ದೊಡ್ಡಮ್ಮನಿಗೆ ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಕುತ್ತಿಗೆಯಲ್ಲಿ ರಂಧ್ರ ಹಾಗೇ ಇದೆ. ಅವರಿಗೂ ಬಾಯಿಯಿಂದ ಆಂಬು ಬ್ಯಾಗ್ ಕೊಡಬಹುದಾ? ನಮಗೆ ಹಾಗೆ ಹೇಳಿದ ನೆನಪಿಲ್ಲ.

ರಾತ್ರಿಪಾಳಿ

ಕೊಡಬಾರದು. ಸರಿಯಾದ ಹೊತ್ತಿಗೆ ಕೇಳಿದಿರಿ. ಧ್ವನಿಪೆಟ್ಟಿಗೆ ತೆಗೆದವರಿಗೆ ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇಲ್ಲ, ಶ್ವಾಸನಾಳವನ್ನು ಕುತ್ತಿಗೆಗೆ ಹೊಲಿದುಬಿಟ್ಟಿರುತ್ತಾರೆ. ಅವರ ರಂಧ್ರ ಮುಚ್ಚಿದರೆ ಇದ್ದ ಒಂದೇ ದಾರಿ ಮುಚ್ಚಿದಂತೆ. ಆಕ್ಸಿಜನ್, ಆಂಬು ಬ್ಯಾಗ್, ಎಲ್ಲ ಕುತ್ತಿಗೆಗೇ. ಮಕ್ಕಳ ಪುಟ್ಟ ಮಾಸ್ಕ್ ಆ ರಂಧ್ರದ ಮೇಲೆ ಚೆನ್ನಾಗಿ ಕೂರುತ್ತದೆ. ಹಾಸಿಗೆಯ ಮೇಲ್ಗಡೆ ದೊಡ್ಡಕ್ಷರದಲ್ಲಿ "ಕುತ್ತಿಗೆಯಿಂದ ಮಾತ್ರ ಉಸಿರಾಟ" ಅಂತ ಬರೆದು ಹಾಕಿ, ಆಂಬುಲೆನ್ಸಿನವರಿಗೂ ಮೊದಲ ಮಾತೇ ಇದಾಗಿರಲಿ.

ಕಿರಿಮಗಳು ನೀವೂ ಕೇಳಿಟ್ಟುಕೊಳ್ಳಿ, ಅಪ್ಪನ ಮೇಲಿನ ದಾರಿ ತೆರೆದಿದೆಯಾ ಅಂತ. ಸ್ಟ್ರೋಕ್ ಆದವರಿಗೆ ಸಾಮಾನ್ಯವಾಗಿ ಇರುತ್ತದೆ, ಆದರೂ ನಿಮ್ಮ ಡಾಕ್ಟರ್ ಬಾಯಿಂದಲೇ ಬರಲಿ.

ಕಿರಿಮಗಳು

ಬರೆದುಕೊಂಡೆ ಮೇಡಂ. ರಕ್ತದ ಬಗ್ಗೆ ಕೇಳುವುದಿತ್ತು. ನಿನ್ನೆ ರಾತ್ರಿಯಿಂದ ಗೆರೆ ಕಾಣುತ್ತಿಲ್ಲ. ಆಕ್ಸಿಜನ್ ರಾತ್ರಿಯೂ 95ರ ಕೆಳಗೆ ಇಳಿಯಲಿಲ್ಲ. ಮತ್ತೆ ರಕ್ತ ಕಂಡರೆ ಎಷ್ಟರವರೆಗೆ ಕಾಯಬಹುದು?

ರಾತ್ರಿಪಾಳಿ

ಸಕ್ಷನ್ ಆದ ಮೇಲೆ ಕಫದಲ್ಲಿ ತೆಳು ಗುಲಾಬಿ ಗೆರೆ ಬಂದು, ಮುಂದಿನ ಸಲಕ್ಕೆ ಮಾಯವಾದರೆ ಒತ್ತಡ, ಆಳ, ತೇವ, ಈ ಮೂರನ್ನು ಸರಿ ಮಾಡಿಕೊಂಡು ನೋಡಬಹುದು. ದಿನವಿಡೀ ಬರುತ್ತಿದ್ದರೆ ಅವತ್ತೇ ಫೋನ್ ಮಾಡಿ.

ಕೆಂಪು ತಾಜಾ ರಕ್ತ ಟ್ಯೂಬಿನಿಂದಲೋ ಪಕ್ಕದಿಂದಲೋ ಹರಿದು ಬಂದರೆ, ಅದು ತಾನಾಗಿ ನಿಂತರೂ ಆಂಬುಲೆನ್ಸ್ ಕರೆಯಿರಿ. ಟ್ಯೂಬಿನ ತುದಿಯೋ ಬಲೂನೋ ಶ್ವಾಸನಾಳದ ಗೋಡೆ ಸವೆಸಿ, ಅದರ ಮುಂದೆಯೇ ಹಾದುಹೋಗುವ ದೊಡ್ಡ ರಕ್ತನಾಳಕ್ಕೆ ತೂತು ಬೀಳಬಹುದು. ಅಪರೂಪ. ಜಾಸ್ತಿ ಆಗುವುದು ಆಪರೇಷನ್ ಆದ ಮೊದಲ ಕೆಲವು ವಾರಗಳಲ್ಲಿ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಎಷ್ಟೋ ಜನರಲ್ಲಿ ಒಮ್ಮೆ ಸ್ವಲ್ಪ ಬಂದು ನಿಂತಿರುತ್ತದೆ. ನಿಂತಿತಲ್ಲ ಅಂತ ಮನೆಯಲ್ಲೇ ಉಳಿಯುವುದು ಅಪಾಯ. ಅಂಥ ಹೊತ್ತಲ್ಲಿ ಟ್ಯೂಬ್ ತೆಗೆಯಬೇಡಿ.

ಕಫ ಹಸಿರಾಗಿ ವಾಸನೆ ಬಂದರೆ, ಜ್ವರ ಬಂದರೆ ಅದು ಸೋಂಕು, ಡಾಕ್ಟರಿಗೆ ತೋರಿಸಿ. ತಿಂದದ್ದು ಕುಡಿದದ್ದು ಟ್ಯೂಬಿನಲ್ಲಿ ಬಂದರೆ ಬಾಯಿಯಿಂದ ಕೊಡುವುದನ್ನು ನಿಲ್ಲಿಸಿ, ಅವತ್ತೇ ಹೇಳಿ.

ಬಾಗಿಲುಬಳಿ

ನಾವು ಒಂದು ಕ್ಯಾತಿಟರನ್ನು ತೊಳೆದು ತೊಳೆದು ಇಡೀ ದಿನ ಬಳಸುತ್ತೇವೆ. ಅದೂ ತಪ್ಪಾ?

ರಾತ್ರಿಪಾಳಿ

ಆಸ್ಪತ್ರೆಯಲ್ಲಿ ಒಂದು ಸಲಕ್ಕೆ ಒಂದು. ಪೊಟ್ಟಣದ ಮೇಲೂ ಒಮ್ಮೆ ಮಾತ್ರ ಅಂತಲೇ ಇರುತ್ತದೆ. ಮನೆಯಲ್ಲಿ ತೊಳೆದು ಕೆಲವು ಗಂಟೆ ಬಳಸಲು ಕೆಲವು ಡಾಕ್ಟರ್‌ಗಳು ಬಿಡುತ್ತಾರೆ, ಕೆಲವರು ಬಿಡುವುದೇ ಇಲ್ಲ. ನಿಮ್ಮವರು ಏನಂದಿದ್ದಾರೆ?

ಹಳೇಅನುಭವ

ನಾವು ಕುದಿಸಿ ಆರಿಸಿದ ನೀರು ಎಳೆಸಿ, ಹೊರಗೆ ಒರೆಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು ದಿನಕ್ಕೊಂದು ಬಳಸಿದೆವು. ಏನೂ ಆಗಲಿಲ್ಲ.

ದೊಡ್ಡಮ್ಮನಮಗ

ನಮಗೆ ಹಾಗೆ ಮಾಡಿ ಎದೆಯ ಸೋಂಕು ಆಯಿತು. ಅದರಿಂದಲೇ ಆಯಿತಾ ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ಈಗ ನಾವು ಪ್ರತಿ ಸಲ ಹೊಸದು. ಬಾಯಿಗೆ ಹಾಕಿದ ಕ್ಯಾತಿಟರನ್ನು ಟ್ಯೂಬಿಗೆ ಹಾಕಬೇಡಿ ಅಂತ ಮಾತ್ರ ಎಲ್ಲರೂ ಹೇಳಿದರು.

ಕಿರಿಮಗಳು

ನಮ್ಮ ಆಸ್ಪತ್ರೆಗೆ ಫೋನ್ ಮಾಡಿದೆ. ಆಳದ ಅಳತೆ ಹೇಳಿದರು, ಅಪ್ಪನ ಮೇಲಿನ ದಾರಿ ತೆರೆದಿದೆ ಅಂದರು. ಟ್ಯೂಬ್ ಹಾಕುವುದು ಕಲಿಸಲು ನಮ್ಮಿಬ್ಬರನ್ನೂ ಕರೆದಿದ್ದಾರೆ. 7ನೇ ಸೈಜಿನ ಸ್ಪೇರ್ ನಮ್ಮ ಹತ್ತಿರ ಇರಲಿಲ್ಲ, ಅದನ್ನು ಬರೆದುಕೊಡುತ್ತಾರೆ. ಫಿಲ್ಟರ್ ಹಗಲು ಮಾತ್ರ, ರಾತ್ರಿ ತೇವದ ಗಾಳಿಯ ಮಾಸ್ಕ್.

ಬ್ಯಾಗಿನಲ್ಲಿ ಎರಡೂ ಸೈಜಿನ ಟ್ಯೂಬ್, ಕಡ್ಡಿ, ಕತ್ತರಿ, ಪಟ್ಟಿ, ಜೆಲ್, ಸಿರಿಂಜ್, ಆಂಬು ಬ್ಯಾಗ್, ಕಾಲುಪಂಪು ಮತ್ತು ಕ್ಯಾತಿಟರ್ ಇಡುತ್ತೇವೆ. ಇನ್ನೇನಾದರೂ ಬಿಟ್ಟಿದ್ದೇನಾ?

ರಾತ್ರಿಪಾಳಿ

ಸ್ಪೇರ್ ಒಳಟ್ಯೂಬ್. ಆಂಬು ಬ್ಯಾಗಿನ ಮಾಸ್ಕ್. ಮತ್ತೆ ಅಪ್ಪನ ಕೈಗೆ ಒಂದು ಗಂಟೆ ಕೊಡಿ, ಅವರು ಕೂಗಿ ಕರೆಯಲಾರರಲ್ಲ. ಸ್ಟ್ರೋಕ್ ಆಗದ ಕಡೆಯ ಕೈಗೆ.

ಅಣ್ಣನಪಾಳಿ

ಗಂಟೆ ಕೊಟ್ಟೆವು ಮೇಡಂ. ಚಾನೆಲ್ ಬದಲಿಸಲೂ ಬಾರಿಸುತ್ತಿದ್ದಾರೆ.